ಹುಳಿ ಮಣ್ಣಿನಲ್ಲಿ ಬೇರಿನ ಪಾಡು

ಏಪ್ರಿಲ್ ಕೊನೆಯ ವಾರ. ತೀರ್ಥಹಳ್ಳಿ ಕಡೆಯ ಒಂದು ಊರಿನಲ್ಲಿ, ಅಡಿಕೆ ಒಣಗಿಸುವ ಅಂಗಳಕ್ಕೆ ಚಪ್ಪರ ಹಾಕಿ ರೈತರು ಸಭೆ ಸೇರಿದ್ದರು. ಮಣ್ಣಿನ ಹುಳಿ ಎಂದರೇನು, ಅದರಿಂದ ಬೆಳೆಗೆ ಏನಾಗುತ್ತದೆ ಎಂದು ಅರ್ಧ ಗಂಟೆ ಹೇಳಿ ಎಂದು ನನ್ನನ್ನು ಕರೆದಿದ್ದರು. ಮಾತು ಶುರು ಮಾಡುವ ಮೊದಲು ಮೇಜಿನ ಮೇಲೆ ಎರಡು ಅಲಸಂದೆ ಗಿಡಗಳನ್ನು ಬೇರು ಸಮೇತ ಇಟ್ಟೆ. ಎರಡೂ ಅದೇ ಊರಿನ ಒಬ್ಬರ ಜಮೀನಿನವು, ಒಂದೇ ದಿನ ಬಿತ್ತಿದ ಒಂದೇ ಬೀಜದವು. ಒಂದನ್ನು ಮನೆ ಹಿಂದಿನ ಹಳೆಯ ಹಿತ್ತಲಿನಿಂದ ಕಿತ್ತದ್ದು. ಇನ್ನೊಂದು, ಹಿಂದಿನ ವರ್ಷ ಜೆಸಿಬಿಯಿಂದ ಗುಡ್ಡ ಕಡಿದು ಸಮ ಮಾಡಿ ಅಡಿಕೆ ಸಸಿ ಇಟ್ಟಿದ್ದ ಅರ್ಧ ಎಕರೆಯದು.

ಹಿತ್ತಲಿನ ಗಿಡದ ಬೇರು ಮೊಣಕೈಯುದ್ದ ಇತ್ತು. ಕವಲುಗಳು ಕೂದಲಿನಂತೆ ಹರಡಿದ್ದವು, ನಡುನಡುವೆ ಸಾಸಿವೆಗಿಂತ ದಪ್ಪದ ಗಂಟುಗಳು. ಗುಡ್ಡದ ಗಿಡದ ಬೇರು ಬೆರಳುದ್ದಕ್ಕೇ ನಿಂತಿತ್ತು. ತುದಿಗಳು ಮೊಂಡಾಗಿ, ದಪ್ಪಗೆ, ಕಂದು ಬಣ್ಣಕ್ಕೆ ತಿರುಗಿದ್ದವು. ಸಣ್ಣ ಕವಲುಗಳೇ ಇರಲಿಲ್ಲ, ಗಂಟು ಹುಡುಕಿದರೂ ಸಿಗಲಿಲ್ಲ. ಆ ಜಮೀನಿನವರು ಮುಂದಿನ ಸಾಲಿನಲ್ಲೇ ಕೂತಿದ್ದರು. "ಎಂತ ಮಾಡೋದು ಸಾರ್, ಎರಡು ಸಲ ಡಿಎಪಿ ಕೊಟ್ಟೆ. ಮಣ್ಣು ತಿಂದುಬಿಡ್ತು, ಗಿಡಕ್ಕೆ ಹತ್ತಲೇ ಇಲ್ಲ" ಎಂದರು.

ಅವರ ಮಾತಿನಲ್ಲಿ ಅರ್ಧ ಉತ್ತರ ಆಗಲೇ ಇತ್ತು. ಮಣ್ಣು ಗೊಬ್ಬರವನ್ನು ನಿಜವಾಗಿಯೂ ಹಿಡಿದಿಟ್ಟುಕೊಂಡಿತ್ತು. ಉಳಿದರ್ಧ, ಆ ಮೊಂಡು ಬೇರಿನ ತುದಿಯಲ್ಲಿತ್ತು. ಅಂದಿನ ನನ್ನ ಮಾತೆಲ್ಲ ಈ ಎರಡನ್ನು ಜೋಡಿಸುವುದೇ ಆಗಿತ್ತು.

ಹುಳಿಯನ್ನು ಅಳೆಯುವುದು ಅಡಿಕೆ ಬೆಳೆಗಾರರಿಗೆ ಹೊಸತಲ್ಲ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವಾಗ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಕರಗಿಸುತ್ತೇವೆ. ಆಮೇಲೆ ಉಜ್ಜಿ ಹೊಳೆಯುವಂತೆ ಮಾಡಿದ ಕತ್ತಿಯನ್ನು ಸ್ವಲ್ಪ ಹೊತ್ತು ಅದರಲ್ಲಿ ಅದ್ದಿ ನೋಡುತ್ತೇವೆ. ಕಬ್ಬಿಣದ ಮೇಲೆ ತಾಮ್ರದ ಕೆಂಪು ಹತ್ತಿದರೆ ದ್ರಾವಣ ಇನ್ನೂ ಹುಳಿಯಾಗಿದೆ, ಹೊಡೆದರೆ ಎಲೆ, ಗೊನೆ ಸುಡುತ್ತದೆ ಎಂದು ಗೊತ್ತು. ಕೆಂಪು ಹತ್ತದಿರುವ ತನಕ ಸುಣ್ಣದ ತಿಳಿ ಸೇರಿಸುತ್ತಾ ಹೋಗುತ್ತೇವೆ. ಮಣ್ಣಿನಲ್ಲೂ ಇದೇ ಲೆಕ್ಕ. ಆದರೆ ಮಣ್ಣಿಗೆ ಕತ್ತಿಯ ಪರೀಕ್ಷೆ ಸಾಲದು, ಒಂದು ಸಂಖ್ಯೆ ಬೇಕು.

ಆ ಸಂಖ್ಯೆಯ ಹೆಸರು ಪಿಎಚ್. ನಮ್ಮ ಕೃಷಿ ಇಲಾಖೆಯ ಚೀಟಿಗಳಲ್ಲಿ ರಸಸಾರ ಎಂದು ಬರೆದಿರುತ್ತದೆ. 1909ರಲ್ಲಿ ಡೆನ್ಮಾರ್ಕಿನ ಸೋರೆನ್‌ಸೆನ್ ಎಂಬ ರಸಾಯನ ವಿಜ್ಞಾನಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಕೆಲಸ ಮಾಡುವಾಗ ಈ ಅಳತೆಗೋಲನ್ನು ತಂದರು. ಸೊನ್ನೆಯಿಂದ 14ರವರೆಗೆ ಎಣಿಕೆ, 7 ನಡುಮಧ್ಯ. ಅದಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ. ನಿಂಬೆರಸ ಸುಮಾರು 2, ಮಜ್ಜಿಗೆ ನಾಲ್ಕೂವರೆ ಆಸುಪಾಸು, ಸುಣ್ಣದ ತಿಳಿ 12ರ ಮೇಲೆ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಕರಗಿಸಿಕೊಂಡು ಬೀಳುವ ಶುದ್ಧ ಮಳೆನೀರೇ 5.6 ಇರುತ್ತದೆ. ಮಲೆನಾಡಿನ ಮಣ್ಣಿನ ಕಥೆ ಅಲ್ಲಿಂದಲೇ ಶುರುವಾಗುತ್ತದೆ.

ಈ ಎಣಿಕೆಯಲ್ಲಿ ಜನ ಎಡವುವ ಒಂದು ಜಾಗವಿದೆ. 6ರಿಂದ 5ಕ್ಕೆ ಇಳಿದರೆ ಹುಳಿ ಸ್ವಲ್ಪ ಹೆಚ್ಚಾಯಿತು ಎಂದಲ್ಲ, ಹತ್ತು ಪಟ್ಟು ಹೆಚ್ಚಾಯಿತು ಎಂದರ್ಥ. ಇನ್ನೊಂದು ಮೆಟ್ಟಿಲು ಇಳಿದು 4ಕ್ಕೆ ಬಂದರೆ ನೂರು ಪಟ್ಟು. ನಮ್ಮ ಅಲಸಂದೆಯ ಹಿತ್ತಲಿನ ಮಣ್ಣು 6.0 ತೋರಿಸಿತ್ತು, ಗುಡ್ಡದ ಮಣ್ಣು 4.8. ಕಾಗದದ ಮೇಲೆ ವ್ಯತ್ಯಾಸ ಒಂದು ಚಿಲ್ಲರೆ. ಬೇರಿನ ಪಾಲಿಗೆ ಅದು ಹದಿನೈದು ಹದಿನಾರು ಪಟ್ಟು ಹೆಚ್ಚು ಹುಳಿ.

ಮಲೆನಾಡಿನ ಮಣ್ಣು ಹೀಗಾಗಿದ್ದು ನಿನ್ನೆ ಮೊನ್ನೆಯಲ್ಲ. ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಷಿಯಂ ಇವು ಮಣ್ಣಿನ ಕಣಗಳ ಮೈಗೆ ಸಡಿಲವಾಗಿ ಅಂಟಿಕೊಂಡಿರುತ್ತವೆ. ಬೇರು ತಿನ್ನುವುದು ಅಲ್ಲಿಂದಲೇ. ಲಕ್ಷಾಂತರ ಮಳೆಗಾಲಗಳು ಇವನ್ನು ತೊಳೆದು ಹೊಳೆಗೆ ಒಯ್ದಿವೆ. ಖಾಲಿಯಾದ ಜಾಗಕ್ಕೆ ಜಲಜನಕ ಮತ್ತು ಅಲ್ಯೂಮಿನಿಯಂ ಬಂದು ಕೂತಿವೆ. ತೊಳೆದು ಹೋಗದೆ ಉಳಿದ ಕಬ್ಬಿಣ ನಮ್ಮ ಮಣ್ಣಿಗೆ ಕೆಂಪು ಬಣ್ಣ ಕೊಟ್ಟಿದೆ. ಮನೆ ಕಟ್ಟಲು ಕಡಿಯುವ ಜಂಬಿಟ್ಟಿಗೆ ಕಲ್ಲು ಆ ತೊಳೆತದ ಕೊನೆಯ ರೂಪ. ಗುಡ್ಡ ಕಡಿದಾಗ ಮೇಲಿನ ಕಪ್ಪು ಮಣ್ಣು, ಅಂದರೆ ದರಗು ಕೊಳೆತು ಆದ ಮಣ್ಣು, ಕೆಳಗಿನ ಏರಿಯ ಹೊಟ್ಟೆಗೆ ಹೋಗುತ್ತದೆ. ಅಲ್ಲಿಯವರೆಗೆ ಬೆಳಕು ಕಾಣದಿದ್ದ, ಸತ್ವ ಪೂರ್ತಿ ತೊಳೆದು ಹೋದ ಒಳಮಣ್ಣು ಮೇಲೆ ಬರುತ್ತದೆ. ಆ ಅರ್ಧ ಎಕರೆಯಲ್ಲಿ ಆಗಿದ್ದು ಇದೇ.

ಇನ್ನು ಅಲ್ಯೂಮಿನಿಯಂ. ಹುಳಿ ಮಣ್ಣಿನಲ್ಲಿ ಬೇರನ್ನು ಕೊಲ್ಲುವುದು ಹೆಚ್ಚಾಗಿ ಹುಳಿಯಲ್ಲ, ಹುಳಿ ಕರಗಿಸಿ ಬಿಡುಗಡೆ ಮಾಡುವ ಈ ಲೋಹ. ಇದನ್ನು ಸಭೆಯಲ್ಲಿ ಹೇಳಿದಾಗ ಹಿಂದಿನ ಸಾಲಿನ ಹೆಂಗಸರಿಗೆ ಬೇಗ ಅರ್ಥವಾಯಿತು. ಹುಣಸೆ ಹಾಕಿದ ಸಾರನ್ನು ಅಲ್ಯೂಮಿನಿಯಂ ಪಾತ್ರೆಯಲ್ಲಿ ರಾತ್ರಿಯಿಡೀ ಬಿಡಬಾರದು, ಪಾತ್ರೆಯ ಹೊಳಪು ಹೋಗುತ್ತದೆ, ಮೈ ತೂತು ಬೀಳುತ್ತದೆ ಎಂದು ಅವರು ಕಂಡವರು. ಮಣ್ಣಿನ ಜೇಡಿ ಭಾಗವೆಲ್ಲ ಬಹುಪಾಲು ಅಲ್ಯೂಮಿನಿಯಂ ಇರುವ ಖನಿಜವೇ. ಪಿಎಚ್ ಐದೂವರೆಯ ಮೇಲಿರುವಷ್ಟು ದಿನ ಅದು ಕಲ್ಲಿನಂತೆ ಕದಲದೆ ಕೂತಿರುತ್ತದೆ, ಯಾರಿಗೂ ತೊಂದರೆಯಿಲ್ಲ. ಐದೂವರೆಗಿಂತ ಕೆಳಗೆ ಇಳಿದಂತೆ ಕರಗತೊಡಗುತ್ತದೆ. ಐದಕ್ಕಿಂತ ಕೆಳಗೆ ಜೋರಾಗಿ ಕರಗುತ್ತದೆ.

ಕರಗಿದ ಅಲ್ಯೂಮಿನಿಯಂ ಮೊದಲು ಹಿಡಿಯುವುದು ಬೇರಿನ ತುದಿಯ ಕೆಲವೇ ಮಿಲಿಮೀಟರನ್ನು. ಹೊಸ ಜೀವಕೋಶಗಳು ಹುಟ್ಟುವುದು, ಉದ್ದವಾಗುವುದು ಅಲ್ಲಿಯೇ. ತಾಗಿದ ಕೆಲವೇ ಗಂಟೆಗಳಲ್ಲಿ ಆ ತುದಿ ಬೆಳೆಯುವುದನ್ನು ನಿಲ್ಲಿಸುತ್ತದೆ. ಬೇರು ಮುಂದೆ ಹೋಗಲಾರದೆ ಇದ್ದಲ್ಲೇ ದಪ್ಪವಾಗುತ್ತದೆ. ಹೊಸ ಕವಲು ಹುಟ್ಟಿದರೆ ಅದರ ತುದಿಗೂ ಅದೇ ಗತಿ. ಮೇಲಿನಿಂದ ನೋಡುವವರಿಗೆ ಗಿಡ ಕುಳ್ಳಾಗಿ, ಬಡಕಲಾಗಿ ಕಾಣುತ್ತದೆ, ಗೊಬ್ಬರ ಸಾಲದೇನೋ ಅನಿಸುತ್ತದೆ. ಅದಕ್ಕೇ ನಾನು ಗಿಡ ನೋಡುವ ಮೊದಲು ಬೇರು ಕಿತ್ತು ನೋಡಿ ಎನ್ನುವುದು. ಎಲೆ ಹಳದಿಯಾಗಲು ಹತ್ತು ಕಾರಣ ಇರಬಹುದು. ಗೆದ್ದಲು, ಹುಳ, ಗಂಟುಬೇರು ಯಾವುದೂ ಇಲ್ಲದೆ ಬೇರಿನ ತುದಿಗಳು ಮೊಂಡಾಗಿದ್ದರೆ, ಮಣ್ಣನ್ನು ಪರೀಕ್ಷೆಗೆ ಕೊಡಲೇಬೇಕು.

ಬೇರು ಕೆಳಗಿಳಿಯದಿದ್ದರೆ ಆಗುವ ಇನ್ನೊಂದು ಹಾನಿಯನ್ನು ನಾವು ಹುಳಿಯ ಲೆಕ್ಕಕ್ಕೆ ಸೇರಿಸುವುದೇ ಇಲ್ಲ. ಮಳೆಗಾಲದಲ್ಲಿ ನೀರು ನಿಲ್ಲಿಸಲು ಜಾಗವಿಲ್ಲದಷ್ಟು ಮಳೆ ಬೀಳುವ ಊರಿನಲ್ಲಿ ಜನವರಿಯ ಹೊತ್ತಿಗೆ ಗಿಡ ಬಾಡುವುದೇಕೆ? ಒಂದೂವರೆ ಅಡಿ ಕೆಳಗೆ ಮಣ್ಣು ಇನ್ನೂ ತಂಪಾಗಿರುತ್ತದೆ. ಆದರೆ ಬೇರು ಅಲ್ಲಿಗೆ ಹೋಗಿಲ್ಲ. ಮೇಲಿನ ಆರಿಂಚು ಒಣಗಿದ ಕೂಡಲೇ ಗಿಡಕ್ಕೆ ಬರಗಾಲ. ಸ್ಪ್ರಿಂಕ್ಲರ್ ಎರಡು ದಿನ ನಿಂತರೆ ಸಸಿಗಳು ತಲೆ ಬಾಗಿಸುವ ತೋಟಗಳಲ್ಲಿ ನಾನು ಮೊದಲು ಅನುಮಾನಪಡುವುದು ಒಳಮಣ್ಣಿನ ಹುಳಿಯ ಮೇಲೆ.

ಈಗ ಡಿಎಪಿಯ ಲೆಕ್ಕ. ಡಿಎಪಿಯಲ್ಲಿ ಹೆಚ್ಚಿರುವುದು ರಂಜಕ. ಹುಳಿ ಮಣ್ಣಿನಲ್ಲಿ ಕರಗಿ ಓಡಾಡುವ ಅಲ್ಯೂಮಿನಿಯಂ, ಮತ್ತು ಕೆಂಪು ಮಣ್ಣಿನ ಕಬ್ಬಿಣದ ಪದರ, ಎರಡೂ ರಂಜಕವನ್ನು ಕಂಡರೆ ಬಿಗಿಯಾಗಿ ಹಿಡಿದು ಕರಗದ ವಸ್ತುವಾಗಿ ಮಾಡಿಬಿಡುತ್ತವೆ. ಗೊಬ್ಬರ ಮಣ್ಣಿನಲ್ಲೇ ಇದೆ, ಆದರೆ ಬೇರಿನ ಬಾಯಿಗೆ ಸಿಗದು. ಅಷ್ಟರ ಮೇಲೆ ಮೊಂಡು ಬೇರಿಗೆ ಹುಡುಕಿಕೊಂಡು ಹೋಗುವ ಶಕ್ತಿಯೂ ಇಲ್ಲ. ರಂಜಕವು ಮಣ್ಣಿನಲ್ಲಿ ಕೂತ ಜಾಗದಿಂದ ಹೆಚ್ಚು ಕದಲುವುದಿಲ್ಲ, ಬೇರೇ ಅದರ ಬಳಿಗೆ ಹೋಗಬೇಕು. ಹೀಗಾಗಿ ಎರಡನೇ ಸಲ ಕೊಟ್ಟ ಡಿಎಪಿಯೂ ಮೊದಲಿನದರ ದಾರಿಯನ್ನೇ ಹಿಡಿಯಿತು.

ಅಲಸಂದೆಗೆ ಮೂರನೆಯ ಪೆಟ್ಟೂ ಬಿದ್ದಿತ್ತು. ಬೇರಿನ ಗಂಟುಗಳಲ್ಲಿ ವಾಸಿಸುವ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತವೆ. ಹುಳಿ ಹೆಚ್ಚಾದಲ್ಲಿ ಅವು ಬದುಕುವುದೇ ಕಷ್ಟ. ಬದುಕಿದರೂ ಅವುಗಳ ಕೆಲಸಕ್ಕೆ ಅತ್ಯಲ್ಪ ಪ್ರಮಾಣದ ಮಾಲಿಬ್ಡಿನಂ ಬೇಕು, ಅದು ಹುಳಿ ಮಣ್ಣಿನಲ್ಲಿ ಬೇರಿಗೆ ಸಿಗುವುದಿಲ್ಲ. ಗಂಟೊಂದನ್ನು ಉಗುರಿನಿಂದ ಸೀಳಿ ನೋಡಿದರೆ ಒಳಗೆ ಗುಲಾಬಿ ಬಣ್ಣವಿರಬೇಕು, ಅದು ಕೆಲಸ ನಡೆಯುತ್ತಿರುವ ಗುರುತು. ಬಿಳಿಯೋ ಹಸಿರೋ ಇದ್ದರೆ ಗಂಟು ಇದ್ದೂ ಇಲ್ಲದ ಹಾಗೆ. ಹಿತ್ತಲಿನ ಗಿಡದ ಒಂದು ಗಂಟನ್ನು ಅಲ್ಲೇ ಸೀಳಿ ತೋರಿಸಿದೆ. ತಟ್ಟೆ ಕೈಯಿಂದ ಕೈಗೆ ಕೊನೆಯ ಸಾಲಿನವರೆಗೂ ಹೋಗಿ ಬಂತು.

ಆಗ ಒಬ್ಬ ಹಿರಿಯರು ಎದ್ದು, "ಹಂಗಾದ್ರೆ ನಮ್ಮ ಗದ್ದೆ ಮಣ್ಣೂ ಹುಳಿಯೇ ಅಲ್ವಾ? ನಮ್ಮ ಅಪ್ಪನ ಕಾಲದಿಂದ ಅಲ್ಲಿ ಭತ್ತ ಬೆಳೀತಿದೆಯಲ್ಲ?" ಎಂದು ಕೇಳಿದರು. ಇದು ಆ ದಿನದ ಒಳ್ಳೆಯ ಪ್ರಶ್ನೆ. ಗದ್ದೆಯಲ್ಲಿ ನೀರು ನಿಂತಾಗ ಮಣ್ಣಿಗೆ ಗಾಳಿ ಸಿಗುವುದಿಲ್ಲ. ಆಗ ಮಣ್ಣಿನ ಸೂಕ್ಷ್ಮಜೀವಿಗಳು ಆಮ್ಲಜನಕದ ಬದಲು ಕಬ್ಬಿಣದ ಆಕ್ಸೈಡನ್ನು ಉಸಿರಾಟಕ್ಕೆ ಬಳಸಿಕೊಳ್ಳುತ್ತವೆ. ಆ ಕ್ರಿಯೆಯಲ್ಲಿ ಹುಳಿ ಖರ್ಚಾಗುತ್ತದೆ. ನೀರು ನಿಂತ ಎರಡು ಮೂರು ವಾರಗಳಲ್ಲಿ ಐದರ ಮಣ್ಣು ಆರರ ಮೇಲಕ್ಕೆ ಏರುತ್ತದೆ, ಅಲ್ಯೂಮಿನಿಯಂ ಕರಗುವುದು ನಿಲ್ಲುತ್ತದೆ, ಕಬ್ಬಿಣ ಹಿಡಿದಿದ್ದ ರಂಜಕವೂ ಒಂದಿಷ್ಟು ಬಿಡುಗಡೆಯಾಗುತ್ತದೆ. ಭತ್ತ ನೆಮ್ಮದಿಯಾಗಿ ಬೆಳೆಯುತ್ತದೆ. ಕೊಯ್ಲಾಗಿ ನೀರು ಬಸಿದು ಗಾಳಿಯಾಡಿದ ಮೇಲೆ ಮಣ್ಣು ಮತ್ತೆ ಮೊದಲಿನ ಹುಳಿಗೇ ಹಿಂತಿರುಗುತ್ತದೆ. ಭತ್ತ ಚೆನ್ನಾಗಿ ಬಂದ ಗದ್ದೆಯಲ್ಲೇ ಹಿಂದಿನಿಂದ ಹಾಕಿದ ಉದ್ದು ಸೊರಗುವುದಕ್ಕೆ ಇದೂ ಒಂದು ಕಾರಣ.

ಆದರೆ ಅಲ್ಲೂ ಒಂದು ತೊಡಕಿದೆ. ಗುಡ್ಡದ ಬುಡದ ಜೌಗು ಗದ್ದೆಗಳಲ್ಲಿ ಕರಗುವ ಕಬ್ಬಿಣ ಮಿತಿಮೀರಿ, ಎಲೆಗಳ ಮೇಲೆ ತುಕ್ಕಿನ ಚುಕ್ಕೆಗಳು ಬಂದು ಭತ್ತವೇ ಕುಗ್ಗುತ್ತದೆ. ನೀರಿನ ಮೇಲೆ ಎಣ್ಣೆಯಂತೆ ಹೊಳೆಯುವ ಪೊರೆ ಇದ್ದರೆ ಕೋಲಿನಿಂದ ತಟ್ಟಿ ನೋಡಿ. ಗಾಜಿನ ಚೂರಿನಂತೆ ಒಡೆದು ದೂರ ಸರಿದರೆ ಕಬ್ಬಿಣದ ಪೊರೆ, ಮತ್ತೆ ಕೂಡಿಕೊಂಡರೆ ಎಣ್ಣೆ. ಅಂಥ ಗದ್ದೆಗೆ ಮೊದಲು ಬೇಕಾದದ್ದು ಮೇಲಿನಿಂದ ಬಸಿದು ಬರುವ ನೀರನ್ನು ಪಕ್ಕಕ್ಕೆ ತಿರುಗಿಸುವ ಕಾಲುವೆ.

ಮಳೆ ಮಾಡಿದ ಹುಳಿಗೆ ನಾವೂ ಪ್ರತಿ ವರ್ಷ ಸೇರಿಸುತ್ತಿದ್ದೇವೆ. ಅಡಿಕೆಗೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಎಂಬ ಶಿಫಾರಸು ನಮ್ಮವರಿಗೆಲ್ಲ ಬಾಯಿಪಾಠ. ಸಾರಜನಕವನ್ನೆಲ್ಲ ಯೂರಿಯಾದಿಂದಲೇ ಕೊಟ್ಟರೆ ಮರಕ್ಕೆ 217 ಗ್ರಾಂ ಯೂರಿಯಾ ಬೇಕು. ಎಕರೆಗೆ 550 ಮರ ಎಂದರೆ ಸುಮಾರು 120 ಕಿಲೋ. ಯೂರಿಯಾ ಮಣ್ಣಿಗೆ ಬಿದ್ದ ಗಳಿಗೆಯಲ್ಲಿ ಹುಳಿ ಮಾಡುವುದಿಲ್ಲ. ಅದು ಅಮೋನಿಯಾ ಆಗಿ, ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೇಟ್ ಮಾಡುವಾಗ ಹುಳಿ ಹುಟ್ಟುತ್ತದೆ. ನೈಟ್ರೇಟನ್ನು ಬೇರು ಹೀರಿಕೊಂಡರೆ ಒಂದಿಷ್ಟು ಹುಳಿ ತೀರುತ್ತದೆ, ಮಳೆ ಕೊಚ್ಚಿಕೊಂಡು ಹೋದರೆ ಉಳಿದುಬಿಡುತ್ತದೆ. 100 ಕಿಲೋ ಯೂರಿಯಾದ ಹುಳಿಯನ್ನು ತೀರಿಸಲು ಸುಮಾರು 80 ಕಿಲೋ ಸುಣ್ಣಕಲ್ಲಿನ ಪುಡಿ ಬೇಕು ಎಂಬುದು ರೂಢಿಯ ಅಂದಾಜು. ಆ ಲೆಕ್ಕದಲ್ಲಿ 120 ಕಿಲೋಗೆ 96 ಕಿಲೋ ಆಯಿತು.

ಈಗ ಇನ್ನೊಂದು ಶಿಫಾರಸನ್ನು ಇದರ ಪಕ್ಕ ಇಡೋಣ. ಹುಳಿ ಮಣ್ಣಿನ ಅಡಿಕೆ ತೋಟಕ್ಕೆ ಎರಡು ಮೂರು ವರ್ಷಕ್ಕೊಮ್ಮೆ ಮರಕ್ಕೆ ಅರ್ಧ ಕಿಲೋ ಸುಣ್ಣ ಹಾಕಿ ಎನ್ನುತ್ತಾರೆ. 550 ಮರಕ್ಕೆ 275 ಕಿಲೋ. ಮೂರು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 92 ಕಿಲೋ. ಅಂದರೆ ಮೂರು ವರ್ಷಕ್ಕೊಮ್ಮೆ ಹಾಕುವ ಅರ್ಧ ಕಿಲೋ ಸುಣ್ಣ ನಾವೇ ಹಾಕಿದ ಯೂರಿಯಾದ ಹುಳಿಗೆ ಸರಿಹೋಗುತ್ತದೆ, ಅಷ್ಟೇ. ಮಣ್ಣಿನ ಹಳೆಯ ಹುಳಿ ಇದ್ದಲ್ಲೇ ಇರುತ್ತದೆ. ಈ ಲೆಕ್ಕ ಬೋರ್ಡಿನ ಮೇಲೆ ಬರೆದಾಗ ಸಭೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ತಾವು ಸುಣ್ಣ ಹಾಕಿ ಐದಾರು ವರ್ಷ ಆಯಿತು ಎಂದು ಆಮೇಲೆ ಹಲವರು ಹೇಳಿದರು.

ಗೊಬ್ಬರವೊಂದೇ ಮಣ್ಣನ್ನು ಎಲ್ಲಿಗೆ ಒಯ್ಯಬಲ್ಲದು ಎಂಬುದಕ್ಕೆ ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ 1856ರಲ್ಲಿ ಶುರುವಾಗಿ ಇಂದಿಗೂ ನಡೆಯುತ್ತಿರುವ ಹುಲ್ಲುಗಾವಲಿನ ಪ್ರಯೋಗ ಸಾಕ್ಷಿ. ಅಲ್ಲಿ ವರ್ಷ ವರ್ಷವೂ ಅಮೋನಿಯಂ ಸಲ್ಫೇಟ್ ಬಿದ್ದು ಸುಣ್ಣ ಕಾಣದ ತುಂಡುಗಳಲ್ಲಿ ಪಿಎಚ್ ನಾಲ್ಕಕ್ಕಿಂತಲೂ ಕೆಳಗಿಳಿಯಿತು. ಹತ್ತಾರು ಬಗೆಯ ಹುಲ್ಲು ಹೂಗಳಿದ್ದಲ್ಲಿ ಒಂದೆರಡು ಜಾತಿ ಉಳಿದವು. ಸತ್ತ ಹುಲ್ಲು ಕೊಳೆಯದೆ ಚಾಪೆಯ ಹಾಗೆ ನೆಲದ ಮೇಲೆ ಕೂತಿತು, ಏಕೆಂದರೆ ಕೊಳೆಸುವ ಎರೆಹುಳ, ಸೂಕ್ಷ್ಮಜೀವಿಗಳಿಗೆ ಆ ಹುಳಿ ತಾಳಲಾಗಲಿಲ್ಲ. ನಮ್ಮ ತೋಟದಲ್ಲಿ ಕಳೆದ ವರ್ಷದ ಸೋಗೆ, ಸೊಪ್ಪು ಕರಗದೆ ಹಾಗೇ ಉಳಿದಿದ್ದರೆ ಅದನ್ನೂ ಒಂದು ಸೂಚನೆ ಎಂದು ನೋಡಬಹುದು.

ಇನ್ನು ಅಳತೆ ಮತ್ತು ಮದ್ದು. ಮಣ್ಣು ಆರೋಗ್ಯ ಚೀಟಿ ಹಲವರ ಮನೆಯಲ್ಲಿತ್ತು. 2015ರಲ್ಲಿ ಶುರುವಾದ ಆ ಯೋಜನೆಯಲ್ಲಿ ಮಳೆಯಾಶ್ರಿತ ಜಮೀನಿಗೆ ಹತ್ತು ಹೆಕ್ಟೇರಿಗೊಂದು, ನೀರಾವರಿಗೆ ಎರಡೂವರೆ ಹೆಕ್ಟೇರಿಗೊಂದು ಮಾದರಿ ತೆಗೆಯುವ ಪದ್ಧತಿ ಇತ್ತು. ಹತ್ತು ಹೆಕ್ಟೇರ್ ಎಂದರೆ ಇಪ್ಪತ್ತೈದು ಎಕರೆ. ಬಯಲುಸೀಮೆಯ ಸಮನಾದ ನೆಲಕ್ಕೆ ಅದು ಹೊಂದಬಹುದು. ಗುಡ್ಡ, ಮಕ್ಕಿ ಗದ್ದೆ, ಬಯಲು, ತೋಟ ಎಲ್ಲ ಒಂದು ಕೂಗಳತೆಯಲ್ಲಿರುವ ಮಲೆನಾಡಿನಲ್ಲಿ ಆ ಸಂಖ್ಯೆ ಪಕ್ಕದವರ ಗದ್ದೆಯದೂ ಆಗಿರಬಹುದು. ಸುಣ್ಣ ಹಾಕುವ ಮೊದಲು ನಿಮ್ಮ ಆ ತುಂಡಿನ ಮಣ್ಣನ್ನೇ ಕೊಡಿ. ಗೊಬ್ಬರ ಹಾಕಿ ಹೆಚ್ಚು ದಿನವಾಗದ ಜಾಗ, ಗೊಬ್ಬರದ ಗುಂಡಿ, ಬದು, ಕಾಲುವೆ ಪಕ್ಕ ಬಿಟ್ಟು, ಅಂಕುಡೊಂಕಾಗಿ ನಡೆದು ಎಂಟು ಹತ್ತು ಕಡೆ ಒಂದು ಗೇಣಿನಷ್ಟು ಗುಂಡಿ ತೆಗೆಯಿರಿ. ಗೋಡೆಯಿಂದ ಮೇಲಿಂದ ಕೆಳಗಿನವರೆಗೆ ಒಂದೇ ದಪ್ಪದ ಹೋಳು ಕೆತ್ತಿ, ಎಲ್ಲ ಬೆರೆಸಿ ಅರ್ಧ ಕಿಲೋ ಉಳಿಸಿ, ನೆರಳಲ್ಲಿ ಒಣಗಿಸಿ. ಅಡಿಕೆಯಂಥ ಬೆಳೆಗೆ ಎರಡು ಗೇಣು ಆಳದ ಇನ್ನೊಂದು ಮಾದರಿಯನ್ನು ಬೇರೆಯಾಗಿ ತೆಗೆದರೆ ಒಳಮಣ್ಣಿನ ಪಾಡು ಗೊತ್ತಾಗುತ್ತದೆ.

ಮನೆಯಲ್ಲೇ ಒಂದು ಅಂದಾಜು ಬೇಕೆಂದರೆ 20 ಗ್ರಾಂ ಮಣ್ಣಿಗೆ 50 ಮಿಲಿಲೀಟರ್ ನೀರು ಹಾಕಿ, ಅರ್ಧ ಗಂಟೆ ಆಗಾಗ ಕಲಕಿ, ತಿಳಿಯಾಗಲು ಬಿಟ್ಟು ಪಿಎಚ್ ಕಾಗದ ಅದ್ದಬಹುದು. ಬಾವಿನೀರು ಬೇಡ, ಅದಕ್ಕೆ ಅದರದೇ ಪಿಎಚ್ ಇರುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಆಗುತ್ತದೆ. ಕಾಗದ ಐದೋ ಆರೋ ಎಂದು ಹೇಳಬಲ್ಲದು, ಎಷ್ಟು ಸುಣ್ಣ ಬೇಕೆಂದು ಹೇಳಲಾರದು.

ಯಾಕೆ ಹೇಳಲಾರದು ಎಂಬುದನ್ನು ಅಪ್ಪೆಮಿಡಿಯ ಜಾಡಿ ಚೆನ್ನಾಗಿ ತಿಳಿಸುತ್ತದೆ. ಜಾಡಿಯ ಉಪ್ಪುನೀರನ್ನು ಪೂರ್ತಿ ಚೆಲ್ಲಿ ಹೊಸ ಉಪ್ಪುನೀರು ಹಾಕಿ. ಕೆಲವು ದಿನ ಬಿಟ್ಟು ನಾಲಿಗೆಗೆ ಹಾಕಿಕೊಂಡರೆ ಮತ್ತೆ ಹುಳಿ, ಏಕೆಂದರೆ ನಿಜವಾದ ಹುಳಿ ಮಿಡಿಯೊಳಗಿದೆ. ಪಿಎಚ್ ತೋರಿಸುವುದು ಮಣ್ಣಿನ ನೀರಿನ ಹುಳಿಯನ್ನು. ಅದರ ಎಷ್ಟೋ ಪಟ್ಟು ಹುಳಿ ಜೇಡಿ ಮತ್ತು ಸಾವಯವ ಕಣಗಳ ಮೈಯಲ್ಲಿ ಕೂಡಿಟ್ಟಿರುತ್ತದೆ. ನೀರಿನಲ್ಲಿದ್ದದ್ದು ತೀರಿದ ಹಾಗೆ ಅಲ್ಲಿಂದ ಹೊರಗೆ ಬರುತ್ತದೆ. ಎರಡು ಮಣ್ಣು ಎರಡೂ 4.8 ತೋರಿಸಬಹುದು. ಹೊಳೆ ಪಕ್ಕದ ಮರಳು ಮಣ್ಣಿನ ಜಾಡಿಯಲ್ಲಿ ನಾಲ್ಕೇ ಮಿಡಿ, ಜೇಡಿ ಮಣ್ಣಿನ ಜಾಡಿ ತುಂಬ ಮಿಡಿ. ಮೊದಲನೆಯದಕ್ಕೆ ಹಾಕುವ ಸುಣ್ಣದ ಎರಡು ಮೂರು ಪಟ್ಟು ಎರಡನೆಯದಕ್ಕೆ ಬೇಕಾಗಬಹುದು. ಅದಕ್ಕೆ ಪ್ರಯೋಗಾಲಯದಲ್ಲಿ ಸುಣ್ಣದ ಅಗತ್ಯ ಎಂಬ ಪರೀಕ್ಷೆಯನ್ನು ಬೇರೆಯಾಗಿಯೇ ಕೇಳಬೇಕು. ಕೇಳದಿದ್ದರೆ ಸಾಮಾನ್ಯವಾಗಿ ಮಾಡುವುದಿಲ್ಲ.

ಆ ಅರ್ಧ ಎಕರೆಗೆ ಅದನ್ನು ಮಾಡಿಸಿದ್ದೆವು. ಮೇಲಿನ ಗೇಣು ಮಣ್ಣನ್ನು ಆರರ ಹತ್ತಿರಕ್ಕೆ ತರಲು ಎಕರೆಗೆ ಒಂದು ಟನ್ ಶುದ್ಧ ಸುಣ್ಣಕಲ್ಲಿನ ಪುಡಿ ಬೇಕೆಂದು ಬಂತು. ಅರ್ಧ ಎಕರೆಗೆ 500 ಕಿಲೋ. ಅಂಗಡಿಯ ಚೀಲ ಎಂದೂ ಪೂರ್ತಿ ಶುದ್ಧವಿರುವುದಿಲ್ಲ. ಅವರಿಗೆ ಸಿಕ್ಕಿದ ಕೃಷಿ ಸುಣ್ಣದ ಚೀಲದ ಮೇಲೆ ಹುಳಿ ತೀರಿಸುವ ಶಕ್ತಿ 85 ಎಂದಿತ್ತು. 500ನ್ನು 0.85ರಿಂದ ಭಾಗಿಸಿದರೆ 588, ಅಂದರೆ 600 ಕಿಲೋ ಎಂದುಕೊಳ್ಳಿ. ನೀರು ಹಾಕಿ ಅರಳಿಸಿದ ಸುಣ್ಣವಾದರೆ ಅದರ ಶಕ್ತಿ ಶುದ್ಧ ಸುಣ್ಣಕಲ್ಲಿಗಿಂತ ಮೂರನೇ ಒಂದರಷ್ಟು ಹೆಚ್ಚು. ಆಗ 370 ಕಿಲೋ ಸಾಕು, ಆದರೆ ಅದು ಕಾರವಾದದ್ದು, ಬೇರಿಗೆ ತಾಗಿದರೆ ಸುಡುತ್ತದೆ. ಸಸಿಗಳಿದ್ದ ಜಾಗವಾದ್ದರಿಂದ ಕೃಷಿ ಸುಣ್ಣವನ್ನೇ ಆರಿಸಿದೆವು. ಮೆಗ್ನೀಸಿಯಂ ಕೊರತೆಯೂ ಇದ್ದರೆ ಡಾಲಮೈಟ್ ಒಳ್ಳೆಯದು, ಅದರಲ್ಲಿ ಎರಡೂ ಇವೆ. ಪುಡಿ ಹಿಟ್ಟಿನಂತೆ ನುಣ್ಣಗಿರಬೇಕು. ರವೆಯಷ್ಟು ದಪ್ಪವಿದ್ದರೆ ಕರಗಲು ವರ್ಷಗಳೇ ಬೇಕು.

ಒಂದೇ ಸಲ 600 ಕಿಲೋ ಸುರಿಯಬೇಡಿ ಎಂದೆ. ಸುಣ್ಣ ಹೆಚ್ಚಾದರೆ ಸತು, ಬೋರಾನ್, ಮ್ಯಾಂಗನೀಸ್ ಬೇರಿಗೆ ಸಿಗದಂತಾಗುತ್ತವೆ, ಆ ತಪ್ಪನ್ನು ತಿದ್ದುವುದು ಹುಳಿ ತಿದ್ದುವುದಕ್ಕಿಂತ ಕಷ್ಟ. ಈ ಮೇ ತಿಂಗಳಲ್ಲಿ 300 ಕಿಲೋ, ಮುಂದಿನ ಮೇನಲ್ಲಿ ಮತ್ತೆ ಮಣ್ಣು ನೋಡಿಕೊಂಡು ಉಳಿದದ್ದು. ಮೊದಲ ಎರಡು ಮೂರು ಮಳೆ ಬಿದ್ದು ಮಣ್ಣು ಹದವಾದಾಗ, ಗಾಳಿಯಿಲ್ಲದ ಬೆಳಗ್ಗೆ ಸಮವಾಗಿ ಎರಚಿ, ಗೇಣಿನಷ್ಟು ಆಳದವರೆಗೆ ಮಣ್ಣಿಗೆ ಬೆರೆಸಬೇಕು. ಸುಣ್ಣ ತಾನಾಗಿ ಕೆಳಗಿಳಿಯುವುದಿಲ್ಲ, ಬಿದ್ದಲ್ಲೇ ಕೆಲಸ ಮಾಡುತ್ತದೆ. ಬೆಳೆದ ಅಡಿಕೆ ತೋಟದಲ್ಲಿ ಮಾತ್ರ ಆಳ ಕೆದಕಬಾರದು, ಮೇಲುಬೇರು ಕಡಿದುಹೋಗುತ್ತದೆ. ಅಲ್ಲಿ ಮೆಲ್ಲಗೆ ಮುಳ್ಳುಗುದ್ದಲಿ ಆಡಿಸಿದರೆ ಸಾಕು. ಒಳಮಣ್ಣಿಗೆ ಜಿಪ್ಸಂ ನೆರವಾಗುತ್ತದೆ. ಅದು ಪಿಎಚ್ ಏರಿಸುವುದಿಲ್ಲ, ಆದರೆ ನೀರಿನ ಜೊತೆ ಕೆಳಗಿಳಿದು ಕ್ಯಾಲ್ಸಿಯಂ ಕೊಟ್ಟು ಅಲ್ಯೂಮಿನಿಯಂನ ವಿಷವನ್ನು ತಗ್ಗಿಸುತ್ತದೆ.

ಸುಣ್ಣ ಮತ್ತು ಯೂರಿಯಾವನ್ನು ಒಂದೇ ದಿನ ಹಾಕುವವರಿದ್ದಾರೆ, ಆಳು ಕೂಲಿ ಉಳಿಯುತ್ತದೆ ಎಂದು. ಹಾಗೆ ಮಾಡಿದರೆ ಸಾರಜನಕ ಅಮೋನಿಯಾ ಅನಿಲವಾಗಿ ಗಾಳಿಗೆ ಹೋಗುತ್ತದೆ. ಹತ್ತಿರ ನಿಂತರೆ ಮೂಗಿಗೇ ಗೊತ್ತಾಗುತ್ತದೆ. ನಡುವೆ ಎರಡು ಮೂರು ವಾರ ಬಿಡಬೇಕು. ರಂಜಕಕ್ಕೆ ಶಿಲಾರಂಜಕ ಬಳಸುವವರು ಇನ್ನೊಂದು ಮಾತು ನೆನಪಿಡಬೇಕು. ಆ ಕಲ್ಲಿನ ಪುಡಿಯನ್ನು ಕರಗಿಸುವುದೇ ಮಣ್ಣಿನ ಹುಳಿ. ಅದರ ಜೊತೆಗೇ ಸುಣ್ಣ ಹಾಕಿದರೆ ಕರಗುವುದು ನಿಧಾನವಾಗುತ್ತದೆ. ಮೊದಲು ಶಿಲಾರಂಜಕ ಹಾಕಿ, ಸುಣ್ಣವನ್ನು ಕೆಲವು ತಿಂಗಳು ಬಿಟ್ಟು ಹಾಕುವುದು ಲೇಸು.

"ಬಚ್ಚಲ ಒಲೆ ಬೂದಿ ಆಗೋದಿಲ್ವಾ?" ಎಂದು ಒಬ್ಬ ತಾಯಿ ಕೇಳಿದರು. ಆಗುತ್ತದೆ. ಕಟ್ಟಿಗೆ ಬೂದಿಯಲ್ಲಿ ಸುಣ್ಣದ ಅಂಶವೂ ಪೊಟ್ಯಾಷೂ ಇವೆ. ಹಿತ್ತಲಿನ ಮಣ್ಣು ಆರರಲ್ಲಿದ್ದದ್ದು ತಲೆಮಾರುಗಳಿಂದ ಅಲ್ಲಿಗೆ ಬಿದ್ದ ಬೂದಿ ಮತ್ತು ಕೊಟ್ಟಿಗೆ ಗೊಬ್ಬರದಿಂದಲೇ ಇರಬೇಕು. ಆದರೆ ಬೂದಿಯ ಶಕ್ತಿ ಸುಣ್ಣಕ್ಕಿಂತ ಬಹಳ ಕಡಿಮೆ, ಒಂದು ಮನೆಯ ಬೂದಿ ಅರ್ಧ ಎಕರೆಗೆ ಸಾಲದು. ಗೊಬ್ಬರ, ಕೊಳೆತ ಸೊಪ್ಪು ಬೇರೆ ರೀತಿಯಲ್ಲಿ ಸಹಾಯ ಮಾಡುತ್ತವೆ. ಅವುಗಳ ಸಾವಯವ ಆಮ್ಲಗಳು ಕರಗಿದ ಅಲ್ಯೂಮಿನಿಯಂ ಅನ್ನು ಕಟ್ಟಿಹಾಕುತ್ತವೆ, ಪಿಎಚ್ ಹೆಚ್ಚು ಏರದಿದ್ದರೂ ಬೇರಿನ ತುದಿ ಬದುಕುತ್ತದೆ. ಸುಣ್ಣದ ಜೊತೆ ಅದನ್ನೂ ಕೊಡಿ ಎಂದೆ. ಎಲ್ಲ ಬೆಳೆಗೂ ಸುಣ್ಣ ಬೇಕೆಂದೂ ಇಲ್ಲ. ಅನಾನಸ್, ಚಹಾ ಐದರ ಆಸುಪಾಸಿನ ಮಣ್ಣಿನಲ್ಲೇ ಸುಖವಾಗಿರುತ್ತವೆ. ಶುಂಠಿ, ಕಾಳುಮೆಣಸು, ಉದ್ದು, ಅಲಸಂದೆಗೆ ಐದೂವರೆಗಿಂತ ಮೇಲೆ ಬೇಕು.

ಸುಣ್ಣ ಕೆಲಸ ಮಾಡಿತೋ ಇಲ್ಲವೋ ಎಂದು ತಿಳಿಯಲು ಅವರಿಗೆ ಒಂದೇ ಉಪಾಯ ಹೇಳಿದ್ದು. ಜಮೀನಿನ ನಡುವೆ ನಾಲ್ಕು ಮಾರು ಅಗಲದ ಒಂದು ಪಟ್ಟಿಯನ್ನು ಸುಣ್ಣ ಹಾಕದೆ ಬಿಡಿ, ಎರಡೂ ಕಡೆ ಗೂಟ ಹೊಡೆಯಿರಿ, ಉಳಿದೆಲ್ಲ ಒಂದೇ ರೀತಿ ನೋಡಿಕೊಳ್ಳಿ. ಬರೀ ಈ ವರ್ಷದ ಮಳೆಯಿಂದ ಬೆಳೆ ಚೆನ್ನಾಯಿತೋ ಸುಣ್ಣದಿಂದಲೋ ಎಂಬ ಗೊಂದಲ ಆಗ ಇರುವುದಿಲ್ಲ.

ಸಭೆ ಮುಗಿದ ಮೇಲೆ ಅವರು ಆ ಮೊಂಡು ಬೇರಿನ ಗಿಡವನ್ನು ಕಾಗದದಲ್ಲಿ ಸುತ್ತಿ ಮನೆಗೆ ತೆಗೆದುಕೊಂಡು ಹೋದರು. ಮುಂದಿನ ಮಾರ್ಚಿನಲ್ಲಿ ನಾನು ಹೋದಾಗ ಗೂಟಗಳು ಹಾಗೇ ಇದ್ದವು. ಪಟ್ಟಿಯ ಒಳಗಿಂದ ಒಂದು, ಹೊರಗಿಂದ ಒಂದು ಅಲಸಂದೆ ಗಿಡವನ್ನು ಅವರೇ ಗುದ್ದಲಿಯಿಂದ ಎಬ್ಬಿಸಿ, ಬಕೆಟ್ಟಿನ ನೀರಿನಲ್ಲಿ ಮಣ್ಣು ತೊಳೆದು ನನ್ನ ಮುಂದೆ ಇಟ್ಟರು. ಹೊರಗಿನದರ ಬೇರು ಗೇಣುದ್ದ ಇಳಿದು, ಸುಣ್ಣ ಬೆರೆತ ಮಣ್ಣು ಮುಗಿದ ಜಾಗದಲ್ಲೇ ಪಕ್ಕಕ್ಕೆ ತಿರುಗಿತ್ತು.